ಹಸು ಮಾರಿದ ಹಣವೆಲ್ಲ ಆದಾಯವಲ್ಲ



ಪಶುವೈದ್ಯರು ಈ ಪತ್ರಿಕೆಯಲ್ಲಿ ಕೆಚ್ಚಲು ಬಾವು, ಜಂತು ನಿವಾರಣೆ, ಲಸಿಕೆ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಬಾರಿ ನಾನು ಲೆಕ್ಕದ ಪುಸ್ತಕದ ಒಂದೇ ಒಂದು ಸಾಲಿನ ಬಗ್ಗೆ ಬರೆಯುತ್ತಿದ್ದೇನೆ. ಹಸುವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಪ್ರಶ್ನೆ ದಲ್ಲಾಳಿಯ ಬಳಿ ಹೋಗುವ ಮೊದಲು ನಮ್ಮ ಬಳಿಗೇ ಬರುತ್ತದೆ. ಆಗ ಕೇಳಿಬರುವ ಎರಡು ಮಾತುಗಳು ನನಗೆ ಯೋಚನೆಗೆ ಹಚ್ಚಿವೆ.

ಮೊದಲನೆಯದು, "ಈ ವರ್ಷ ಹಸು ಮಾರಿದ್ದರಿಂದ 52 ಸಾವಿರ ಲಾಭ ಬಂತು." ಎರಡನೆಯದು, "ಡಾಕ್ಟ್ರೇ, 80 ಸಾವಿರ ಕೊಟ್ಟು ತಂದ ಹಸು. 30 ಸಾವಿರಕ್ಕೆ ಕೊಟ್ಟರೆ 50 ಸಾವಿರ ನಷ್ಟ ಅಲ್ವಾ? ಹೇಗೆ ಕೊಡ್ಲಿ?"

ನನ್ನ ಅಭಿಪ್ರಾಯದಲ್ಲಿ ಎರಡೂ ಮಾತು ತಪ್ಪು. ಮೊದಲನೆಯದನ್ನು ನಂಬಿದವರು ಕೊಟ್ಟಿಗೆಯನ್ನೇ ಕರಗಿಸಿ ತಿಂದು, ಅದನ್ನು ಸಂಪಾದನೆ ಎಂದುಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ಗಬ್ಬ ನಿಲ್ಲದ ಹಸುವನ್ನು ತಿಂಗಳುಗಟ್ಟಲೆ ಸಾಕಿ, ತಪ್ಪಿಸಿಕೊಳ್ಳಲು ಹೊರಟ ನಷ್ಟಕ್ಕಿಂತ ದೊಡ್ಡ ನಷ್ಟವನ್ನು ಹೊತ್ತುಕೊಳ್ಳುತ್ತಾರೆ. ಮಾರಾಟದ ಲಾಭ ಅಥವಾ ನಷ್ಟವನ್ನು ಸರಿಯಾಗಿ ಲೆಕ್ಕ ಹಾಕಿ, ಹಾಲಿನ ಲೆಕ್ಕದೊಳಗೆ ಬೆರೆಸದೆ ಬೇರೆಯೇ ಒಂದು ಸಾಲಿನಲ್ಲಿ ಬರೆದರೆ ಈ ಎರಡೂ ತಪ್ಪುತ್ತವೆ. ಮನೆಯ ನೋಟ್‌ಬುಕ್ಕಿಗೂ ಇದೇ ನಿಯಮ, ನಿಮ್ಮ ಸಂಘದ ವಾರ್ಷಿಕ ವರದಿಗೂ ಇದೇ ನಿಯಮ.

ಹಸುವೂ ಸ್ಥಿರಾಸ್ತಿಯೇ

ಸ್ಥಿರಾಸ್ತಿ ಎಂದರೆ ನಮ್ಮ ಮಾತಿನಲ್ಲಿ ಹೊಲ, ಮನೆ, ನಿವೇಶನ. ಲೆಕ್ಕಪತ್ರದಲ್ಲಿ ಈ ಮಾತಿನ ಅರ್ಥ ಸ್ವಲ್ಪ ಬೇರೆ. ಮಾರುವುದಕ್ಕೆಂದು ತಂದಿರದೆ, ಹಲವು ವರ್ಷ ಕೆಲಸಕ್ಕೆ ಬಳಸಿ ಸಂಪಾದಿಸಲು ಇಟ್ಟುಕೊಂಡಿರುವ ವಸ್ತುವೆಲ್ಲ ಸ್ಥಿರಾಸ್ತಿ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಸಂಘದ ಜನರೇಟರ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಹಾಲು ಕರೆಯಲು ಇಟ್ಟುಕೊಂಡ ಹಸುವನ್ನೂ ನಿಮ್ಮ ಮನೆಯ ಲೆಕ್ಕದಲ್ಲಿ ಹೀಗೆಯೇ ನೋಡಬೇಕು.

ಅದೇ ಕೊಟ್ಟಿಗೆಯಲ್ಲಿ ಹುಟ್ಟಿದ ಗಂಡು ಕರು ಸ್ಥಿರಾಸ್ತಿಯಲ್ಲ. ಅದನ್ನು ಇಂದೋ ನಾಳೆಯೋ ಮಾರುವವರೇ ನೀವು. ಅದರಿಂದ ಬಂದ ಹಣ ಸಗಣಿ ಗೊಬ್ಬರ ಮಾರಿದ ಹಣದ ಹಾಗೆ ಆ ವರ್ಷದ ಮಾಮೂಲಿ ಆದಾಯ. ಕಡಸುಗಳನ್ನು ಬೆಳೆಸಿ ಮಾರುವುದೇ ಒಬ್ಬರ ಕಸುಬಾಗಿದ್ದರೆ ಆ ಕಡಸುಗಳೂ ಮಾರಾಟದ ಸರಕೇ. ಅಂದರೆ ಪ್ರಾಣಿ ಯಾವುದು ಎಂಬುದು ಮುಖ್ಯವಲ್ಲ, ಯಾವ ಉದ್ದೇಶಕ್ಕೆ ಕಟ್ಟಿಕೊಂಡಿದ್ದೀರಿ ಎಂಬುದು ಮುಖ್ಯ.

ಸ್ಥಿರಾಸ್ತಿ ವರ್ಷ ವರ್ಷ ಸವೆಯುತ್ತದೆ. ಯಂತ್ರದ ಹಾಗೆ ಹಸುವೂ ಸವೆಯುತ್ತದೆ. ಎರಡನೇ ಸೂಲಿನ ಹಸುವಿಗಿರುವ ಬೆಲೆ ಆರನೇ ಸೂಲಿನ ಹಸುವಿಗಿಲ್ಲ. ಹೀಗೆ ಕರಗುವ ಬೆಲೆಯನ್ನು ಪ್ರತಿ ವರ್ಷ ಇಷ್ಟೆಂದು ಖರ್ಚಿನಲ್ಲಿ ಬರೆಯುವುದಕ್ಕೆ ಸವಕಳಿ ಎನ್ನುತ್ತಾರೆ. ಕೊಂಡ ಬೆಲೆಯಲ್ಲಿ ಈವರೆಗಿನ ಸವಕಳಿ ಕಳೆದು ಉಳಿದದ್ದೇ ಪುಸ್ತಕ ಬೆಲೆ. ಮಾರಾಟದ ಲಾಭ ನಷ್ಟ ಗೊತ್ತಾಗಬೇಕಾದರೆ ಮಾರಿದ ಬೆಲೆಯನ್ನು ಈ ಪುಸ್ತಕ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ಕೊಂಡ ಬೆಲೆಯ ಪಕ್ಕದಲ್ಲಲ್ಲ, ಸೊನ್ನೆಯ ಪಕ್ಕದಲ್ಲೂ ಅಲ್ಲ.

ಒಂದು ಹಸುವಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಸದಸ್ಯೆ 2021ರ ಏಪ್ರಿಲ್ 1ರಂದು ಎರಡನೇ ಸೂಲಿನ ಒಂದು ಎಚ್.ಎಫ್. ಮಿಶ್ರತಳಿ ಹಸುವನ್ನು 80,000 ರೂಪಾಯಿಗೆ ತಂದರು ಎಂದಿಟ್ಟುಕೊಳ್ಳಿ. ಐದು ವರ್ಷ ಕರೆದು, ಇನ್ನೊಂದೆರಡು ಸೂಲು ಉಳಿದಿರುವಾಗಲೇ ಮಾರುವುದು ಅವರ ಅಂದಾಜು. ಆಗ 20,000 ಸಿಗಬಹುದು ಎಂದು ಹಿಡಿದರು. ಹಾಗಾದರೆ ಐದು ವರ್ಷಗಳಲ್ಲಿ ಕರಗುವುದು 60,000. ವರ್ಷಕ್ಕೆ 12,000 ಸವಕಳಿ, ತಿಂಗಳಿಗೆ 1,000.

ಮೂರು ವರ್ಷ ಕಳೆದು 2024ರ ಮಾರ್ಚ್ 31ಕ್ಕೆ ಒಟ್ಟು ಸವಕಳಿ 36,000 ಆಯಿತು. ಪುಸ್ತಕ ಬೆಲೆ 80,000ದಲ್ಲಿ 36,000 ಕಳೆದು 44,000. ಅದೇ ದಿನ ಹಸು 52,000ಕ್ಕೆ ಮಾರಾಟವಾಯಿತು. ದಲ್ಲಾಳಿಗೂ ಗಾಡಿ ಬಾಡಿಗೆಗೂ ಸೇರಿ 2,000 ಹೋಯಿತು. ಮಾರುವುದಕ್ಕಾಗಿಯೇ ಆದ ಖರ್ಚನ್ನು ಮಾರಿದ ಬೆಲೆಯಲ್ಲೇ ಕಳೆಯಬೇಕು. ಕೈಗೆ ಬಂದದ್ದು 50,000. ಅದರಲ್ಲಿ ಪುಸ್ತಕ ಬೆಲೆ 44,000 ಕಳೆದರೆ ಮಾರಾಟದ ಲಾಭ 6,000. ಅಷ್ಟೇ. ಉಳಿದ 44,000 ಲಾಭವಲ್ಲ. ಕೊಟ್ಟಿಗೆಯಲ್ಲಿ ಹಸುವಿನ ರೂಪದಲ್ಲಿದ್ದ ನಿಮ್ಮದೇ ಹಣ ಈಗ ನೋಟಿನ ರೂಪಕ್ಕೆ ಬಂದಿದೆ.

ಇದು ವರ್ಷದ ಲೆಕ್ಕದಲ್ಲಿ ಹೇಗೆ ಕಾಣಬೇಕು? ಆ ವರ್ಷ ಈ ಹಸು 3,000 ಲೀಟರ್ ಹಾಲು ಕೊಟ್ಟು, ಲೀಟರಿಗೆ 32 ರೂಪಾಯಿಯಂತೆ 96,000 ತಂದಿತು ಎನ್ನೋಣ. ಹಿಂಡಿ, ಬೂಸಾ, ಮೇವು, ಔಷಧಿ, ವಿಮೆ ಎಲ್ಲ ಸೇರಿ 70,000 ಖರ್ಚು. ಲೆಕ್ಕ ಹೀಗೆ ಬರುತ್ತದೆ:

ಹಾಲಿನ ಆದಾಯ: 96,000
ಕಳೆಯಿರಿ, ಸಾಕಣೆ ಖರ್ಚು: 70,000
ಕಳೆಯಿರಿ, ಈ ವರ್ಷದ ಸವಕಳಿ: 12,000
ಹೈನುಗಾರಿಕೆಯ ಲಾಭ: 14,000
ಕೂಡಿಸಿ, ಹಸು ಮಾರಾಟದಿಂದ ಬಂದ ಲಾಭ: 6,000
ಒಟ್ಟು: 20,000

ಹಾಲಿನ ಕಸುಬು ಕೊಟ್ಟದ್ದು 14,000. ಮಾರಾಟ ಕೊಟ್ಟದ್ದು 6,000. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದದ್ದರಿಂದ ಮುಂದಿನ ವರ್ಷಕ್ಕೆ ಯಾವುದನ್ನು ನಂಬಬಹುದು ಎಂಬುದು ತಿಳಿಯುತ್ತದೆ. ಹಾಲು ಮುಂದಿನ ವರ್ಷವೂ ಬರುತ್ತದೆ. ಅದೇ ಹಸುವನ್ನು ಮತ್ತೊಮ್ಮೆ ಮಾರಲು ಆಗುವುದಿಲ್ಲ.

ಈಗ ಹೆಚ್ಚಿನ ಮನೆಗಳಲ್ಲಿ ನಡೆಯುವ ಲೆಕ್ಕ ನೋಡಿ. ಹಾಲಿನ 96,000, ಹಸು ಮಾರಿದ 50,000, ಒಟ್ಟು 1,46,000. ಖರ್ಚು 70,000 ಕಳೆದು ಉಳಿದದ್ದು 76,000. ನಿಜವಾದ 20,000ಕ್ಕೂ ಈ 76,000ಕ್ಕೂ ಇರುವ ಅಂತರ 56,000. ಈ 56,000 ಎಲ್ಲಿಂದ ಬಂತು? ವರ್ಷದ ಆರಂಭದಲ್ಲಿ ಆ ಹಸುವಿನ ಪುಸ್ತಕ ಬೆಲೆ ಎಷ್ಟಿತ್ತು ಎಂದು ನೋಡಿ. ಎರಡು ವರ್ಷದ ಸವಕಳಿ 24,000 ಕಳೆದು ಸರಿಯಾಗಿ 56,000. ಅಂದರೆ ವರ್ಷದ ಮೊದಲ ದಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುವನ್ನೇ ಇವರು ವರ್ಷದ ಸಂಪಾದನೆ ಎಂದು ಎಣಿಸಿದ್ದಾರೆ. ಆ ಹಣ ಮದುವೆಗೋ ಟಿವಿಗೋ ಹೋದರೆ ಮುಂದಿನ ಹಸು ತರಲು ಹೊಸ ಸಾಲವೇ ಗತಿ.

ಇಲ್ಲಿ ಸಾಲದ ಬಗ್ಗೆ ಒಂದು ಮಾತು. ಹಸುವಿನ ಮೇಲೆ ಬ್ಯಾಂಕಿನ ಅಸಲು 20,000 ಬಾಕಿಯಿದ್ದು, ಮಾರಿದ ಹಣದಲ್ಲಿ ಅದನ್ನು ತೀರಿಸಿದರೆ ಅದು ನಷ್ಟವೂ ಅಲ್ಲ, ಖರ್ಚೂ ಅಲ್ಲ. ಕೈಯಲ್ಲಿನ ಹಣ ಕಡಿಮೆಯಾಯಿತು, ಅಷ್ಟೇ ಮೊತ್ತದ ಸಾಲವೂ ಕಡಿಮೆಯಾಯಿತು. ಮಾರಾಟದ ಲಾಭ ಆಗಲೂ 6,000ವೇ. ಬಡ್ಡಿ ಮಾತ್ರ ಖರ್ಚು, ಅದು ಸಾಕಣೆಯ ಖರ್ಚಿನ ಪಕ್ಕ ಬೇರೆ ಸಾಲಿನಲ್ಲಿ ಬರಬೇಕು.

ಮನೆಯಲ್ಲೇ ಹುಟ್ಟಿದ ಹಸುವಾದರೆ?

"ನಮ್ಮ ಮನೇಲೇ ಹುಟ್ಟಿದ ಹಸು, ಒಂದು ರೂಪಾಯಿ ಕೊಟ್ಟಿಲ್ಲ, ಬಂದದ್ದೆಲ್ಲ ಲಾಭ" ಎನ್ನುವವರಿದ್ದಾರೆ. ಮನೆಯ ಹಸುವಿಗೆ ರಸೀದಿ ಇಲ್ಲ, ಆದರೆ ಬೆಲೆ ಇಲ್ಲದೇ ಇಲ್ಲ. ಹೆಣ್ಣು ಕರು ಹುಟ್ಟಿದಂದಿನಿಂದ ಮೊದಲ ಸಲ ಕರು ಹಾಕುವವರೆಗೆ ಎರಡೂವರೆ ಮೂರು ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟು ದಿನ ಕುಡಿಸಿದ ಹಾಲು, ಕೊಟ್ಟ ಹಿಂಡಿ ಮೇವು, ಜಂತಿನ ಔಷಧಿ, ಗರ್ಭಧಾರಣೆಯ ಖರ್ಚು ಇವೆಲ್ಲ ಕೂಡಿದರೆ ಅದೇ ಆ ಹಸುವನ್ನು ನೀವು ಕೊಂಡ ಬೆಲೆ. ಈ ಖರ್ಚನ್ನು ಆಯಾ ವರ್ಷದ ಹಾಲಿನ ಖರ್ಚಿನಲ್ಲಿ ಸೇರಿಸಿಬಿಟ್ಟರೆ ಆ ವರ್ಷಗಳಲ್ಲಿ ಹೈನುಗಾರಿಕೆಯಲ್ಲಿ ಏನೂ ಉಳಿಯಲಿಲ್ಲ ಎಂದು ಕಾಣುತ್ತದೆ, ಮಾರಿದ ವರ್ಷ ಮಾತ್ರ ಭಾರಿ ಲಾಭ ಎಂದು ಕಾಣುತ್ತದೆ. ಎರಡೂ ನಿಜವಲ್ಲ.

ಕಡಸಿನ ಖರ್ಚಿಗೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇಡಿ. ಕರು ಹಾಕಿದ ದಿನ ಆ ಪುಟದ ಮೊತ್ತವನ್ನು ಕೂಡಿ ಹಸುವಿನ ಬೆಲೆ ಎಂದು ಬರೆದುಕೊಳ್ಳಿ. ಸವಕಳಿ ಅಲ್ಲಿಂದ ಶುರು.

ಕಡಿಮೆಗೆ ಮಾರಿದಾಗ

ಅದೇ ಹಸುವಿಗೆ ಮೂರನೇ ವರ್ಷ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿತು, ಅದೇ 2024ರ ಮಾರ್ಚ್ 31ರಂದು ಖರ್ಚು ಕಳೆದು 30,000 ಮಾತ್ರ ಕೈಗೆ ಬಂತು ಎಂದಿಟ್ಟುಕೊಳ್ಳಿ. ಪುಸ್ತಕ ಬೆಲೆ 44,000. ಮಾರಾಟದ ನಷ್ಟ 14,000. ನಮ್ಮ ಅಕ್ಕಂದಿರು ಹೇಳುವ 50,000 ಅಲ್ಲ. ಹೈನುಗಾರಿಕೆಯ ಲಾಭದ ಕೆಳಗೆ, "ಹಸು ಮಾರಾಟದಿಂದ ಆದ ನಷ್ಟ" ಎಂದು ಬೇರೆ ಸಾಲಿನಲ್ಲಿ ಈ 14,000ವನ್ನು ಕಳೆಯಬೇಕು.

ಹಾಗಾದರೆ 80,000ಕ್ಕೂ 30,000ಕ್ಕೂ ನಡುವಿನ 50,000 ಎಲ್ಲಿ ಹೋಯಿತು? ಅದರಲ್ಲಿ 36,000 ಮೂರು ವರ್ಷದ ಸವಕಳಿ. ಆ ಮೂರು ವರ್ಷ ಹಸು ಕೊಟ್ಟ ಹಾಲಿನಿಂದ ಅದನ್ನು ಆಗಲೇ ಕಳೆದಾಗಿದೆ. ಉಳಿದ 14,000 ಮಾತ್ರ ನಮ್ಮ ಅಂದಾಜಿಗೆ ಸಿಗದೆ ಹೋದ ಭಾಗ. ಮೊದಲ ಉದಾಹರಣೆಗೂ ಇದೇ ಮಾತು ಹೊಂದುತ್ತದೆ. ಅಲ್ಲಿ ಹಸುವಿನ ಬೆಲೆ ನಿಜವಾಗಿ ಕರಗಿದ್ದು 30,000, ನಾವು ಸವಕಳಿ ಎಂದು ಕಳೆದದ್ದು 36,000. ಹೆಚ್ಚಾಗಿ ಕಳೆದಿದ್ದ 6,000 ಮಾರಾಟದ ಲಾಭವಾಗಿ ವಾಪಸು ಬಂತು. ಹಾಗಾಗಿ ಮಾರಾಟದ ಲಾಭ ನಷ್ಟ ಎಂದರೆ ಬಹುಮಟ್ಟಿಗೆ ನಮ್ಮ ಹಿಂದಿನ ಅಂದಾಜಿನ ತಿದ್ದುಪಡಿ. ಲಾಭ ಬಂದರೆ ಹಿಗ್ಗುವ, ನಷ್ಟ ಬಂದರೆ ಯಾರನ್ನೋ ಬೈಯುವ ವಿಷಯವಲ್ಲ. ಆದರೆ ಪ್ರತಿ ಸಲವೂ ನಷ್ಟವೇ ಬರುತ್ತಿದ್ದರೆ ನೀವು ಹಿಡಿಯುವ ವರ್ಷಗಳು ಜಾಸ್ತಿ ಅಥವಾ ಕೊನೆಯ ಬೆಲೆ ಜಾಸ್ತಿ ಎಂದು ತಿಳಿಯಬೇಕು. ಮುಂದಿನ ಹಸುವಿಗೆ ನಾಲ್ಕೇ ವರ್ಷ ಹಿಡಿದು ಲೆಕ್ಕ ಮಾಡಿ.

ನನ್ನ ಕಸುಬಿಗೆ ನೇರವಾಗಿ ತಾಗುವ ಮಾತು ಇಲ್ಲಿದೆ. ಮೊಲೆ ಬತ್ತಿದ ದಿನವೇ ಹಸುವಿನ ಬೆಲೆ ಬಿದ್ದಿದೆ. ಮಾರಿದ ದಿನ ಅದು ಪುಸ್ತಕಕ್ಕೆ ಬಂತು, ಅಷ್ಟೇ. ಮಾರದೆ ಇಟ್ಟುಕೊಂಡರೆ ನಷ್ಟ ಆಗಿಲ್ಲ ಎಂದಲ್ಲ, ಬರೆದಿಲ್ಲ ಎಂದು ಮಾತ್ರ ಅರ್ಥ.

ಮತ್ತೆ ಮತ್ತೆ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದೆ, ಹಾಲೂ ಬತ್ತಿದ ಹಸುವನ್ನು ನೋಡಿ. ದಿನಕ್ಕೆ 150 ರೂಪಾಯಿಯ ಮೇವು ಹಿಂಡಿ ಎಂದರೆ ತಿಂಗಳಿಗೆ 4,500. "14,000 ನಷ್ಟಕ್ಕೆ ಕೊಡುವುದಿಲ್ಲ, ಒಳ್ಳೆಯ ಬೆಲೆ ಬರಲಿ" ಎಂದು ನಾಲ್ಕು ತಿಂಗಳು ಕಾದರೆ 18,000 ಹಸುವಿನ ಹೊಟ್ಟೆಗೆ ಹೋಯಿತು. ಅಷ್ಟರಲ್ಲಿ ಹಸುವಿಗೆ ನಾಲ್ಕು ತಿಂಗಳು ವಯಸ್ಸೂ ಹೆಚ್ಚಾಯಿತು. ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನೀವು ಕೊಂಡ 80,000ವನ್ನೂ ಪುಸ್ತಕದ 44,000ವನ್ನೂ ಪಕ್ಕಕ್ಕಿಡಿ. ಇಂದು ಮಾರಿದರೆ ಎಷ್ಟು, ಇಟ್ಟುಕೊಂಡರೆ ಮುಂದೆ ಬರುವ ಹಾಲು ಎಷ್ಟು, ತಿನ್ನುವ ಮೇವು ಎಷ್ಟು, ಇವಿಷ್ಟನ್ನೇ ನೋಡಿ. ಪುಸ್ತಕ ಬೆಲೆ ಆಗಿಹೋದದ್ದನ್ನು ಸರಿಯಾಗಿ ಬರೆಯುವುದಕ್ಕೆ, ಮುಂದಿನದನ್ನು ತೀರ್ಮಾನಿಸುವುದಕ್ಕಲ್ಲ.

ಇದಕ್ಕೊಂದು ಮಿತಿಯೂ ಇದೆ. ಗಬ್ಬ ನಿಲ್ಲಲಿಲ್ಲ ಎಂದ ಕೂಡಲೇ ಮಾರಿ ಎಂದು ನಾನು ಹೇಳುತ್ತಿಲ್ಲ. ಬೆದೆಯನ್ನು ತಪ್ಪು ಹೊತ್ತಿನಲ್ಲಿ ಗುರುತಿಸಿದ್ದು, ಗರ್ಭಕೋಶದ ಸೋಂಕು, ಖನಿಜಾಂಶದ ಕೊರತೆ ಇವುಗಳಿಂದ ತಡವಾಗುತ್ತಿದ್ದರೆ ಚಿಕಿತ್ಸೆಯಿದೆ. ಮೂರು ಸಲ ಗರ್ಭಧಾರಣೆ ವಿಫಲವಾದರೆ ಮೊದಲು ಪರೀಕ್ಷೆ ಮಾಡಿಸಿ. ಪರೀಕ್ಷೆಯ ನಂತರವೂ ಭರವಸೆ ಇಲ್ಲ ಎಂದಾದರೆ, ನಷ್ಟದ ಹೆದರಿಕೆಯಿಂದ ತೀರ್ಮಾನವನ್ನು ಮುಂದೂಡಬೇಡಿ.

ಸಂಘದ ವರದಿಯಲ್ಲಿ ಇದನ್ನು ಎಲ್ಲಿ ಹುಡುಕುವುದು?

ಈಗ ಕೊಟ್ಟಿಗೆಯಿಂದ ಸಂಘಕ್ಕೆ ಬನ್ನಿ. ವಾರ್ಷಿಕ ಸರ್ವ ಸದಸ್ಯರ ಸಭೆಗೆ ಮೊದಲು ವರದಿ ಪುಸ್ತಕ ಕೈಗೆ ಬರುತ್ತದೆ. ಹೆಚ್ಚಿನವರು ಬೋನಸ್ ಎಷ್ಟು ಎಂಬ ಪುಟ ನೋಡಿ ಮಡಚಿಡುತ್ತಾರೆ. ಸಂಘವು ಹಳೆಯ ಯಂತ್ರ ಮಾರಿದ ವರ್ಷ ಇನ್ನೂ ಎರಡು ಪುಟ ನೋಡಿ ಎಂಬುದು ನನ್ನ ವಿನಂತಿ.

ಒಂದು ಸಂಘ 2,00,000 ರೂಪಾಯಿಗೆ ಜನರೇಟರ್ ಕೊಂಡಿತ್ತು, ವರ್ಷ ವರ್ಷದ ಸವಕಳಿ ಒಟ್ಟು 1,60,000 ಆಗಿದೆ, ಪುಸ್ತಕ ಬೆಲೆ 40,000 ಉಳಿದಿದೆ ಎನ್ನೋಣ. ಹರಾಜಿನಲ್ಲಿ ಅದು 65,000ಕ್ಕೆ ಹೋಯಿತು. ಲಾಭ 25,000. ಇದು ವರದಿಯ ಮೂರು ಕಡೆ ಮೂರು ಬೇರೆ ಅಂಕಿಯಾಗಿ ಕಾಣಬೇಕು. ಜಮಾ-ಖರ್ಚು ಪಟ್ಟಿಯ ಜಮಾ ಕಡೆ, ಕೈಗೆ ಬಂದ ಪೂರ್ತಿ 65,000. ಆಸ್ತಿ-ಜವಾಬ್ದಾರಿ ತಃಖ್ತೆಯ ಆಸ್ತಿ ಕಡೆ, ಜನರೇಟರಿನ 40,000 ಹೋಗಿ ಸೊನ್ನೆ. ಲಾಭ-ನಷ್ಟ ತಃಖ್ತೆಯಲ್ಲಿ "ಸ್ಥಿರಾಸ್ತಿ ಮಾರಾಟದಿಂದ ಬಂದ ಲಾಭ" ಎಂದು 25,000 ಮಾತ್ರ. ಹಾಲು, ಪಶು ಆಹಾರದ ವ್ಯಾಪಾರ ತಃಖ್ತೆಯಲ್ಲಿ ಇದು ಎಲ್ಲೂ ಕಾಣಬಾರದು. ಭಾರತದ ಲೆಕ್ಕ ಪರಿಶೋಧಕರ ಸಂಸ್ಥೆ ಹೊರಡಿಸಿರುವ 10ನೇ ಲೆಕ್ಕಪತ್ರ ಮಾನದಂಡವೂ ಆಸ್ತಿ ಮಾರಿದ ಲಾಭವನ್ನು ವ್ಯವಹಾರದ ವರಮಾನ ಎಂದು ತೋರಿಸಬಾರದು ಎನ್ನುತ್ತದೆ.

ಪರೀಕ್ಷಿಸುವುದು ಸುಲಭ. ಜಮಾ ಕಡೆಯ 65,000ದಲ್ಲಿ ಲಾಭ-ನಷ್ಟ ತಃಖ್ತೆಯ 25,000 ಕಳೆಯಿರಿ. ಉಳಿಯುವ 40,000 ಆಸ್ತಿ ಪಟ್ಟಿಯಿಂದ ಕಡಿಮೆಯಾಗಿರಬೇಕು. ನಷ್ಟವಾಗಿದ್ದರೆ ಕಳೆಯುವ ಬದಲು ಕೂಡಿಸಿ.

ಸಾಮಾನ್ಯವಾಗಿ ಆಗುವ ತಪ್ಪು ಇದು. ಪೂರ್ತಿ 65,000ವನ್ನು "ಇತರೆ ಆದಾಯ" ಎಂದು ಲಾಭಕ್ಕೆ ಸೇರಿಸಿ, ಜನರೇಟರನ್ನು ಆಸ್ತಿ ಪಟ್ಟಿಯಲ್ಲಿ ಹಾಗೆಯೇ ಬಿಟ್ಟಿರುತ್ತಾರೆ. ಆಗಲೂ ಆಸ್ತಿ-ಜವಾಬ್ದಾರಿ ತಃಖ್ತೆಯ ಎರಡೂ ಕಡೆ ತಾಳೆಯಾಗುತ್ತದೆ. ಲಾಭವೂ 40,000 ಹೆಚ್ಚು, ಆಸ್ತಿಯೂ 40,000 ಹೆಚ್ಚು. ಆದ್ದರಿಂದ ತಾಳೆ ಬಂತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎನ್ನುವಂತಿಲ್ಲ. ಇದನ್ನು ಕಂಡುಹಿಡಿಯಲು ಕಾಮರ್ಸ್ ಓದಬೇಕಿಲ್ಲ. ಆಸ್ತಿ ಪಟ್ಟಿಯಲ್ಲಿರುವ ಒಂದೊಂದು ವಸ್ತುವೂ ಸಂಘದ ಕಟ್ಟಡದಲ್ಲಿ ಇದೆಯೇ ಎಂದು ನೋಡಿದರೆ ಸಾಕು. ದಿನಕ್ಕೆ ಎರಡು ಹೊತ್ತು ಹಾಲು ಹಾಕಲು ಹೋಗುವ ನಿಮಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು?

ಈ ತಪ್ಪಿನಿಂದ ನಿಮಗೇನು ನಷ್ಟ? ಆ ವರ್ಷ ಸಂಘಕ್ಕೆ ಉಳಿದ ವ್ಯವಹಾರದಿಂದ 75,000 ಲಾಭ ಬಂದಿದ್ದರೆ ಸರಿಯಾದ ನಿವ್ವಳ ಲಾಭ 1,00,000. ತಪ್ಪು ಲೆಕ್ಕದಲ್ಲಿ ಅದು 1,40,000 ಎಂದು ಕಾಣುತ್ತದೆ. ಬೋನಸ್ ಅದರ ಮೇಲೆ ತೀರ್ಮಾನವಾದರೆ, ಇಲ್ಲದ 40,000ವನ್ನು ಇದೆಯೆಂದು ತಿಳಿದು ಹಂಚಿಕೆ ಮಾಡಿದಂತಾಯಿತು. ಹೊಸ ಜನರೇಟರ್ ಕೊಳ್ಳುವ ದಿನ ಸಂಘಕ್ಕೆ ಸಾಲವೇ ದಾರಿ, ಅದರ ಬಡ್ಡಿ ಕೊನೆಗೆ ನಿಮ್ಮ ಹಾಲಿನಿಂದಲೇ ಹೋಗುತ್ತದೆ.

ಮಾರಾಟದ ಲಾಭ ಬೋನಸ್ಸಿಗೆ ಬೇಡ

ಲೆಕ್ಕ ಸರಿಯಾಗಿ ಬರೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ 25,000 ನಿಜವಾದ ಲಾಭವೇ ತಾನೆ, ಅದನ್ನು ಹಂಚಿದರೆ ತಪ್ಪೇನು? ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 25ರಷ್ಟು ಆಪದ್ಧನಕ್ಕೆ ಹೋಗಬೇಕು. ಉಳಿದದ್ದು ಕಾಯ್ದೆ ಮತ್ತು ಉಪವಿಧಿಗಳಂತೆ ವಿಲೇವಾರಿಯಾಗುತ್ತದೆ. ಈ ಉಳಿದ ಭಾಗದಲ್ಲಿ ಯಂತ್ರ ಮಾರಿದ ಲಾಭದಿಂದ ಬಂದಷ್ಟನ್ನು, ಉಪವಿಧಿಗಳಲ್ಲಿ ಅವಕಾಶವಿರುವ ಮಟ್ಟಿಗೆ, ಯಂತ್ರೋಪಕರಣ ಅಥವಾ ಕಟ್ಟಡದ ನಿಧಿಗೆ ಇಡಲು ಸರ್ವ ಸದಸ್ಯರ ಸಭೆ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಎರಡು ಕಾರಣ. ಈ 25,000 ಬಂದದ್ದು ಹಿಂದಿನ ವರ್ಷಗಳಲ್ಲಿ ಸವಕಳಿ ಎಂದು ಹೆಚ್ಚಾಗಿ ಕಳೆದದ್ದರಿಂದ. ಆ ವರ್ಷಗಳಲ್ಲಿ ಹಾಲು ಹಾಕಿದವರ ಲಾಭದಿಂದ ಅದು ಕಳೆದಿತ್ತು. ಬೋನಸ್ ಹಂಚುವುದು ಈ ವರ್ಷ ಯಾರು ಎಷ್ಟು ಹಾಲು ಹಾಕಿದರು ಎಂಬುದರ ಮೇಲೆ. ಹತ್ತು ವರ್ಷ ಹಾಲು ಹಾಕಿ, ಈಗ ವಯಸ್ಸಾಗಿ ಒಂದೇ ಹಸು ಉಳಿಸಿಕೊಂಡಿರುವ ಅಜ್ಜಿಗಿಂತ, ಕಳೆದ ವರ್ಷ ಸೇರಿ ಆರು ಹಸು ಕಟ್ಟಿದವರಿಗೆ ಅದರ ದೊಡ್ಡ ಪಾಲು ಹೋಗುತ್ತದೆ. ಅದು ನ್ಯಾಯವಲ್ಲ. ನಿಧಿಯಲ್ಲಿಟ್ಟರೆ ಮುಂದಿನ ಯಂತ್ರದ ರೂಪದಲ್ಲಿ ಎಲ್ಲರಿಗೂ ಸಲ್ಲುತ್ತದೆ.

ಎರಡನೆಯದಾಗಿ, ಹಳೆಯದು ಲಾಭಕ್ಕೆ ಹೋಗುವುದು ಹೆಚ್ಚಾಗಿ ಹೊಸದರ ಬೆಲೆ ಏರಿದಾಗಲೇ. ಕೊಟ್ಟಿಗೆಯಲ್ಲೂ ಹಾಗೆಯೇ. ನಿಮ್ಮ ಹಳೆಯ ಹಸುವಿಗೆ ಒಳ್ಳೆಯ ಬೆಲೆ ಬಂದ ದಿನ ಸಂತೆಯಲ್ಲಿ ಹೊಸ ಹಸುವಿನ ಬೆಲೆಯನ್ನೂ ಕೇಳಿ ನೋಡಿ. ಪುಸ್ತಕದ ಲಾಭ ಅಲ್ಲೇ ಕರಗಿರುತ್ತದೆ. ವಿಮೆ ಮಾಡಿಸಿದ ಹಸು ಸತ್ತಾಗ ಬರುವ ಹಣಕ್ಕೂ ಇದೇ ನಿಯಮ. ಮಾರಿದ ಬೆಲೆಯ ಜಾಗದಲ್ಲಿ ವಿಮೆಯ ಹಣ ಇಟ್ಟು, ಪುಸ್ತಕ ಬೆಲೆ ಕಳೆಯಿರಿ. ಪುಸ್ತಕ ಬೆಲೆ 44,000 ಇದ್ದು ವಿಮೆಯಿಂದ 60,000 ಬಂದರೆ ಕಾಗದದ ಮೇಲೆ 16,000 ಲಾಭ. ಕೊಟ್ಟಿಗೆ ಮಾತ್ರ ಖಾಲಿ. ಆ ಲಾಭಕ್ಕೆ ಬೇರೆ ಖರ್ಚು ಹುಡುಕದೆ ಪೂರ್ತಿ 60,000ವನ್ನು ಮುಂದಿನ ಹಸುವಿಗೆಂದು ತೆಗೆದಿಡುವುದೇ ಜಾಣತನ.

ಈಗಿನ ಕಷ್ಟಕ್ಕೆ ಈಗಲೇ ಹಣ ಬೇಕು, ನಿಧಿಯಲ್ಲಿ ಕೊಳೆಸಿ ಏನು ಪ್ರಯೋಜನ ಎಂದು ಸಭೆಯಲ್ಲಿ ಕೆಲವರು ಕೇಳಬಹುದು. ಅವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ಸದಸ್ಯೆಯರು, ಅದೂ ಈ ಲಾಭದಲ್ಲಿ ಹಾಲಿನದೆಷ್ಟು, ಹಳೆಯ ಯಂತ್ರದ್ದೆಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಓದಿದ ಮೇಲೆ. ಎಲ್ಲವೂ "ಇತರೆ ಆದಾಯ" ಎಂಬ ಒಂದೇ ಸಾಲಿನಲ್ಲಿ ಕಲೆತಿದ್ದರೆ ತೀರ್ಮಾನ ನಿಮ್ಮದಾಗುವುದಿಲ್ಲ.

ಈ ಸಲದ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಸಂಘ ಯಾವ ಆಸ್ತಿ ಮಾರಿತು? ಮಾರಿದ ದಿನ ಅದರ ಪುಸ್ತಕ ಬೆಲೆ ಎಷ್ಟಿತ್ತು? ಬಂದ ಲಾಭ ಅಥವಾ ನಷ್ಟ ವರದಿಯ ಯಾವ ಪುಟದ ಯಾವ ಸಾಲಿನಲ್ಲಿದೆ? ಲೆಕ್ಕ ಸರಿಯಿದ್ದರೆ ಕಾರ್ಯದರ್ಶಿಯವರು ಎರಡು ನಿಮಿಷದಲ್ಲಿ ಉತ್ತರ ಕೊಡಬಲ್ಲರು. ಮನೆಯಲ್ಲಿ ಮುಂದಿನ ಹಸು ಮಾರುವ ದಿನ ಅವೇ ಮೂರು ಪ್ರಶ್ನೆಗಳನ್ನು ನಿಮ್ಮ ನೋಟ್‌ಬುಕ್ಕಿಗೂ ಕೇಳಿ. ಅದಕ್ಕಾಗಿ ಇಂದೇ ಕೊಟ್ಟಿಗೆಯಲ್ಲಿರುವ ಪ್ರತಿ ಹಸುವಿನ ಕಿವಿ ಓಲೆಯ ಸಂಖ್ಯೆ, ಬಂದ ದಿನಾಂಕ, ಬಿದ್ದ ಬೆಲೆ, ಎಷ್ಟು ವರ್ಷದ ಅಂದಾಜು, ಕೊನೆಗೆ ಸಿಗುವ ಬೆಲೆಯ ಅಂದಾಜು, ಈ ಐದನ್ನು ಒಂದು ಪುಟದಲ್ಲಿ ಬರೆದಿಡಿ. ಮಾರುವ ದಿನ ಬೇಕಾಗುವುದು ಅಷ್ಟೇ.